ಒಂದೇ ಲೈನು, ಹತ್ತು ಬ್ರಾಂಚು

ನಮ್ಮ ಹೆಡ್ ಆಫೀಸಿಗೆ ಹಿಂದೆ ಒಂದು ಇ1 ಲೈನ್ ಇತ್ತು. ಸೆಕೆಂಡಿಗೆ ಸುಮಾರು 2 ಮೆಗಾಬಿಟ್. ಅದರಲ್ಲೇ ಹತ್ತು ಬ್ರಾಂಚುಗಳಿಗೂ ಡೇಟಾ ಹೋಗಬೇಕು. ಹೊಸದಾಗಿ ಟೀಮಿಗೆ ಸೇರಿದವರಿಗೆ ಮಲ್ಟಿಪ್ಲೆಕ್ಸಿಂಗ್, ಅಂದರೆ ಒಂದೇ ಲೈನನ್ನು ಹಲವರಿಗೆ ಹಂಚುವುದನ್ನು, ಹೇಳಿಕೊಡುವಾಗ ನಾನು ಈ ಲೈನನ್ನೇ ಎತ್ತಿಕೊಳ್ಳುತ್ತೇನೆ.

ವಠಾರದಲ್ಲಿ ಒಂದೇ ನಲ್ಲಿ ಇದೆ ಅಂದುಕೊಳ್ಳಿ. ಪೈಪನ್ನೇ ಸೀಳಿ ಮನೆಗೊಂದು ಸಣ್ಣ ಪೈಪ್ ಕೊಟ್ಟರೆ ಅದು ಫ್ರೀಕ್ವೆನ್ಸಿ ಡಿವಿಷನ್. ಮನೆಗೆ ಇಷ್ಟು ನಿಮಿಷ ಅಂತ ಸರದಿ ಹಾಕಿದರೆ ಟೈಮ್ ಡಿವಿಷನ್. ಕೊಡ ತಂದವರು ಸಾಲಲ್ಲಿ ನಿಂತು ಹಿಡಿದುಕೊಂಡು ಹೋದರೆ ಸ್ಟ್ಯಾಟಿಸ್ಟಿಕಲ್.

ಮೊದಲನೆಯದು ರೇಡಿಯೋದಲ್ಲಿ ಎಲ್ಲರಿಗೂ ಗೊತ್ತು. ಬೆಂಗಳೂರಲ್ಲಿ 101.3ರಲ್ಲಿ ರೇನ್‌ಬೋ, 102.9ರಲ್ಲಿ ವಿವಿಧ ಭಾರತಿ, ಎರಡೂ ಒಟ್ಟಿಗೆ ಬರುತ್ತವೆ. ಒಂದಕ್ಕೊಂದು ತಾಗದ ಹಾಗೆ ನಡುವೆ ಜಾಗ ಬಿಡಬೇಕು, ಅಷ್ಟೇ.

ನಮ್ಮ ಇ1 ಎರಡನೇ ಜಾತಿ. ಅದರಲ್ಲಿ 32 ಸ್ಲಾಟ್‌ಗಳು, ಅಂದರೆ ಸರದಿಗಳು, ಸೆಕೆಂಡಿಗೆ 8000 ಸುತ್ತು; ಒಂದೊಂದು ಸ್ಲಾಟಿಗೂ ಸೆಕೆಂಡಿಗೆ 64 ಕಿಲೋಬಿಟ್. ಬ್ರಾಂಚಿಗೆ ಮೂರು ಸ್ಲಾಟ್, ಅಂದರೆ 192 ಕಿಲೋಬಿಟ್. ಒಂದು ಮೆಗಾಬೈಟ್ ಫೈಲ್ ಹೋಗಲು ಸುಮಾರು 42 ಸೆಕೆಂಡು ಬೇಕು. ಉಳಿದ ಒಂಬತ್ತು ಬ್ರಾಂಚು ಬಾಗಿಲು ಹಾಕಿದ್ದರೂ ಅಷ್ಟೇ! ಖಾಲಿ ಸ್ಲಾಟ್ ಸುಮ್ನೆ ಸುತ್ತುತ್ತಿರುತ್ತದೆ.

ಆಮೇಲೆ ಅಷ್ಟೇ ವೇಗದ ಪ್ಯಾಕೆಟ್ ಲೈನಿಗೆ ಬದಲಾಯಿಸಿದೆವು. ಇದು ಮೂರನೇ ಜಾತಿ. ಒಬ್ಬರೇ ಇದ್ದರೆ ಅದೇ ಫೈಲ್ ನಾಲ್ಕೈದು ಸೆಕೆಂಡಲ್ಲಿ ಮುಗಿಯುತ್ತದೆ. ಹತ್ತೂ ಜನ ಒಟ್ಟಿಗೆ ಬಂದರೆ ಮತ್ತೆ ಹಳೆಯ 42ರ ಹತ್ತಿರ, ಇನ್ನೂ ಸ್ವಲ್ಪ ಜಾಸ್ತಿಯೇ. ಯಾಕೆಂದರೆ ಇಲ್ಲಿ ಸ್ಲಾಟ್ ನೋಡಿ ಇದು ಯಾರದು ಅಂತ ಹೇಳಲಾಗುವುದಿಲ್ಲ. ಪ್ರತಿ ಪ್ಯಾಕೆಟ್ಟೂ ವಿಳಾಸ ಹೊತ್ತುಕೊಂಡೇ ಹೋಗಬೇಕು.

ಬ್ರಾಂಚುಗಳ ಫೋನೂ ಇದೇ ಲೈನಿಗೆ ಬಂದಾಗ ತೊಂದರೆ ಶುರುವಾಯಿತು. ಬೆಳಿಗ್ಗೆ ಎಲ್ಲರೂ ರಿಪೋರ್ಟ್ ಇಳಿಸಿಕೊಳ್ಳುವ ಹೊತ್ತಿಗೆ ಬ್ರಾಂಚಿನವರಿಗೆ ನಮ್ಮ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಗ್ರಾಫ್ ನೋಡಿದರೆ ಲೈನ್ ಅರ್ಧವೂ ತುಂಬಿಲ್ಲ. ಆದರೆ ಅದು ಐದು ನಿಮಿಷದ ಸರಾಸರಿ. ಒಂದೆರಡು ಸೆಕೆಂಡಿನ ನೂಕುನುಗ್ಗಲು ಅದರಲ್ಲಿ ಕಾಣುವುದೇ ಇಲ್ಲ. `ping` ಹಾಕಿದಾಗ ಗುಟ್ಟು ಹೊರಬಿತ್ತು: ಒಮ್ಮೆ 20 ಮಿಲಿಸೆಕೆಂಡು, ಮರುಕ್ಷಣ 140.

ಲೆಕ್ಕ ಸುಲಭ. 1500 ಬೈಟಿನ ಒಂದು ಪ್ಯಾಕೆಟ್ ಈ ಲೈನಲ್ಲಿ ಹೋಗಲು ಸುಮಾರು 6 ಮಿಲಿಸೆಕೆಂಡು. ಮಾತಿನ ಪುಟ್ಟ ಪ್ಯಾಕೆಟ್ ಮುಂದೆ ಅಂಥವು ಇಪ್ಪತ್ತು ನಿಂತಿದ್ದರೆ 120 ಮಿಲಿಸೆಕೆಂಡು ಕಾಯಬೇಕು. ಕಾಯುವುದು ಒಂದೇ ಸಮ ಇದ್ದಿದ್ದರೂ ಕಿವಿ ಹೊಂದಿಕೊಳ್ಳುತ್ತಿತ್ತು. ಒಮ್ಮೆ ಬೇಗ, ಒಮ್ಮೆ ತಡ ಆದರೆ ಫೋನ್ ತಡವಾದ ಪ್ಯಾಕೆಟ್ಟನ್ನು ಎಸೆದುಬಿಡುತ್ತದೆ. ಸ್ಲಾಟ್ ಇದ್ದ ಕಾಲದಲ್ಲಿ ಈ ಗೋಳು ಇರಲಿಲ್ಲ, ಅಲ್ವಾ?

ದೊಡ್ಡ ಲೈನ್ ತೆಗೆದುಕೊಳ್ಳೋಣ ಅಂತ ಕೆಲವರು ಅಂದರು. ಬೇಕಿರಲಿಲ್ಲ. ರೌಟರಿನಲ್ಲಿ ಮಾತಿಗೆ ಬೇರೆ ಸಾಲು ಮಾಡಿ, ಅದನ್ನೇ ಮೊದಲು ಬಿಡುವಂತೆ ಹಾಕಿದೆವು. ಆಗಲೇ ಹೊರಟುಬಿಟ್ಟ ಒಂದು ಪ್ಯಾಕೆಟ್ ಮುಗಿಯುವ ತನಕ, ಅಂದರೆ ಹೆಚ್ಚೆಂದರೆ ಆ 6 ಮಿಲಿಸೆಕೆಂಡು, ಮಾತು ರಿಪೋರ್ಟಿಗಾಗಿ ಕಾಯುತ್ತದೆ. ಒಂದು ಮಿತಿಯನ್ನೂ ಹಾಕಿದೆವು: ಮಾತಿನ ಸಾಲು ಲೈನಿನ ಮೂರನೇ ಒಂದು ಭಾಗ ಮೀರುವಂತಿಲ್ಲ. ಇಲ್ಲದಿದ್ದರೆ ಫೋನ್ ಜಾಸ್ತಿಯಾದ ದಿನ ರಿಪೋರ್ಟ್ ಸಾಲು ಅಲ್ಲೇ ನಿಂತಿರುತ್ತದೆ.