ಶ್ರೀಶೈಲಕ್ಕೆ ನಡೆದು ಹೊರಟ ಗೆಳೆಯನಿಗೆ

ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಸನ್ನಿಧಿಯನ್ನು ತಲುಪಬೇಕೆಂದು ನನ್ನ ಬಾಲ್ಯದ ಗೆಳೆಯ ಬರುವ ಶನಿವಾರ ಬಾಗಲಕೋಟೆಯಿಂದ, ಭಕ್ತರು ಹೆಗಲ ಮೇಲೆ ಹೊತ್ತು ನಡೆಯುವ ಕಂಬಿಯ ಹಿಂದೆ ಹೊರಡುತ್ತಿದ್ದಾನೆ. ಹೋದ ವರ್ಷ ಅದೇ ದಾರಿಯನ್ನು ನಡೆದು ಬಂದವನಾದ ನಾನು ನಿನ್ನೆ ಅವನ ಮನೆಗೆ ಹೋಗಿ, ಗಂಟು ಬಿಚ್ಚಿಸಿ, ಅರ್ಧದಷ್ಟು ಸಾಮಾನನ್ನು ಹೊರಗೆ ತೆಗೆಸಿ ಬಂದೆ. ಅವನಿಗೆ ಹೇಳಿದ್ದನ್ನೇ ಈ ವರ್ಷ ಹೊರಡಲಿರುವ ಇತರರಿಗೂ ಹೇಳುತ್ತಿದ್ದೇನೆ.

ಮೊದಲ ಮಾತು ಪಾದರಕ್ಷೆಯದು. ನಾನು ಯಾತ್ರೆಗೆಂದೇ ಹೊಸ ಬೂಟು ಕೊಂಡು, ಹೊರಡುವ ದಿನವೇ ಮೊದಲ ಸಲ ಹಾಕಿಕೊಂಡಿದ್ದೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಎಡಗಾಲಿನ ಹಿಮ್ಮಡಿಯಲ್ಲಿ ಉರಿ ಶುರುವಾಯಿತು. ತಂಡ ಮುಂದೆ ಹೋಗಿಬಿಡುತ್ತದೆಂಬ ಸಂಕೋಚದಿಂದ ನಿಲ್ಲದೆ ನಡೆದೆ, ಸಂಜೆ ಕಾಲುಚೀಲ ಬಿಚ್ಚಿದಾಗ ಹುಣಸೆಬೀಜಕ್ಕಿಂತ ದೊಡ್ಡ ಗುಳ್ಳೆ ಎದ್ದಿತ್ತು. ಉರಿ ಕಾಣಿಸಿಕೊಂಡ ಆ ಗಳಿಗೆಯಲ್ಲೇ ಕುಳಿತು, ಕಾಲನ್ನು ಒಣಗಿಸಿ, ಆ ಜಾಗಕ್ಕೆ ಪಟ್ಟಿ ಅಂಟಿಸಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ ಅದು. ದಾರಿಯಲ್ಲಿ ಯಾರಾದರೂ ಗುಳ್ಳೆಗೆ ಸೂಜಿ ಪೋಣಿಸಿ ದಾರವನ್ನು ಅಲ್ಲೇ ಬಿಡಲು ಬಂದರೆ ಒಪ್ಪಬೇಡಿ, ಆ ದಾರದ ಗುಂಟ ಧೂಳು ಒಳಗೆ ಹೋಗಿ ಕೀವಾಗುತ್ತದೆ. ಗುಳ್ಳೆ ಚಿಕ್ಕದಿದ್ದರೆ ಮುಟ್ಟದೆ ಬಿಡಬೇಕು. ಹೆಜ್ಜೆ ಊರಲಾಗದಷ್ಟು ದೊಡ್ಡದಾದರೆ ಶುದ್ಧ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ಮೇಲಿನ ಚರ್ಮವನ್ನು ಕೀಳದೆ ಹಾಗೆಯೇ ಮುಚ್ಚಿ ಕಟ್ಟಬೇಕು. ಸಕ್ಕರೆ ಕಾಯಿಲೆಯವರು ಇದನ್ನೂ ತಾವಾಗಿ ಮಾಡಿಕೊಳ್ಳದೆ ವೈದ್ಯರಲ್ಲಿಗೆ ಹೋಗುವುದು ಒಳ್ಳೆಯದು. ನನ್ನ ಗೆಳೆಯನಿಗೆ ಆರು ತಿಂಗಳಿನಿಂದ ಸವೆಸಿದ ಹಳೆಯ ಚಪ್ಪಲಿಯನ್ನೇ ಇಟ್ಟುಕೊಳ್ಳಲು ಹೇಳಿದ್ದೇನೆ. ಬರಿಗಾಲಿನ ಹರಕೆ ಹೊತ್ತವರಾದರೆ, ಡಾಂಬರು ಕಾಯುವ ಮೊದಲೇ ಆ ದಿನದ ನಡಿಗೆಯನ್ನು ಮುಗಿಸುವುದೊಂದೇ ಉಪಾಯ.

ರಾಯಚೂರು, ಕರ್ನೂಲು ದಾಟಿ ಆತ್ಮಕೂರು ಮುಟ್ಟುವವರೆಗೆ ಊಟದ ಚಿಂತೆಯಿಲ್ಲ. ಊರೂರಿಗೂ ದಾಸೋಹವಿರುತ್ತದೆ, ಮಜ್ಜಿಗೆ ಕೊಡುವವರು ಕೈ ಹಿಡಿದು ನಿಲ್ಲಿಸುತ್ತಾರೆ. ಆದ್ದರಿಂದಲೇ ಗೆಳೆಯನ ಗಂಟಿನಿಂದ ಐವತ್ತು ಖಟಕ್ ರೊಟ್ಟಿಗಳಲ್ಲಿ ನಲವತ್ತನ್ನು ತೆಗೆಸಿದೆ. ಅವನ ತಾಯಿ ನನ್ನೊಡನೆ ಇನ್ನೂ ಮಾತು ಬಿಟ್ಟಿದ್ದಾರೆ. ಭ್ರಮರಾಂಬೆಯನ್ನು ಮನೆಮಗಳೆಂದು ಭಾವಿಸಿ ಅವರು ಕೊಟ್ಟ ಸೀರೆ, ಅರಿಶಿನ, ಕುಂಕುಮವನ್ನು ಮಾತ್ರ ಮುಟ್ಟಲಿಲ್ಲ.

ನಿಜವಾದ ಎಚ್ಚರ ಬೇಕಾಗುವುದು ಆತ್ಮಕೂರಿನ ಆಚೆ, ವೆಂಕಟಾಪುರ, ನಾಗಲೂಟಿಯ ದಾರಿಯಾಗಿ ನಲ್ಲಮಲ ಕಾಡನ್ನು ಹೊಕ್ಕ ಮೇಲೆ. ಇದು ಹುಲಿ ಸಂರಕ್ಷಿತ ಪ್ರದೇಶ; ಅರಣ್ಯ ಇಲಾಖೆ ತೋರಿಸಿದ ದಾರಿಯನ್ನೂ ಹೇಳಿದ ಹೊತ್ತನ್ನೂ ಮೀರಬಾರದು, ಹಿಂದೆ ಬಿದ್ದರೆ ಮುಂದಿನ ತಂಡ ಬರುವವರೆಗೆ ನಿಂತು ಅವರೊಡನೆ ಹೆಜ್ಜೆ ಹಾಕಬೇಕು. ಚೆಂಚು ಬುಡಕಟ್ಟಿನ ಜನರ ಹಾಡಿಯಿರುವ ಪೆದ್ದಚೆರುವು ಬರುವವರೆಗೆ ಬೇಸಿಗೆಯಲ್ಲಿ ಹಳ್ಳಗಳನ್ನು ನಂಬುವಂತಿಲ್ಲ. ಬರೀ ನೀರನ್ನೇ ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ತುಂಬಿಬರುವುದಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತದೆ. ಅಂಗಡಿಯ ಓಆರ್‌ಎಸ್ ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯಬಹುದು. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದಾಗಿದೆಯೆಂದೇ ತಿಳಿಯಬೇಕು. ಜೊತೆಯವರು ಬಿಸಿಲಿನಲ್ಲಿ ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದನ್ನು ಭಕ್ತಿಯ ಆವೇಶವೆಂದು ಬಿಡದೆ ಕೂಡಲೇ ನೆರಳಿಗೆ ಕರೆದೊಯ್ದು, ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆಯಿಟ್ಟು ಗಾಳಿ ಬೀಸುತ್ತಾ, ವೈದ್ಯರ ನೆರವಿಗೆ ಒಬ್ಬರನ್ನು ಓಡಿಸಬೇಕು.

ಕೊನೆಯ ಪರೀಕ್ಷೆ ಭೀಮನಕೊಳ್ಳ. ಎಲ್ಲರೂ ಏರಿಗೆ ಹೆದರುತ್ತಾರೆ, ಆದರೆ ನನ್ನ ಮೊಣಕಾಲನ್ನು ಮುರಿದದ್ದು ಕೊಳ್ಳಕ್ಕಿಳಿಯುವ ಇಳಿಜಾರು. ಇಳಿಯುವಾಗ ಬೆರಳುಗಳು ಮುಂದಕ್ಕೆ ಒತ್ತಿ ಉಗುರು ಕಪ್ಪಾಗುತ್ತದೆ. ಹಿಂದಿನ ರಾತ್ರಿಯೇ ಉಗುರು ಕತ್ತರಿಸಿಕೊಳ್ಳಿ, ಕೋಲನ್ನು ಮುಂದಿನ ಮೆಟ್ಟಿಲಿಗೆ ಮೊದಲು ಊರಿ ಆಮೇಲೆ ಕಾಲಿಡಿ. ಆಚೆಯ ಮೆಟ್ಟಿಲುಗಳನ್ನು ಹತ್ತಿ ಕೈಲಾಸದ್ವಾರ ಕಂಡಾಗ, ಬಂದೇಬಿಟ್ಟೆವೆಂದು ಉಳಿದ ನೀರನ್ನು ತಲೆಯ ಮೇಲೆ ಸುರಿದುಕೊಂಡವರಲ್ಲಿ ನಾನೂ ಒಬ್ಬ. ಅಲ್ಲಿಂದ ಗುಡಿಗೆ ಇನ್ನೂ ದಾರಿಯಿದೆ, ಬಿಸಿಲೂ ಇದೆ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲವಾದ್ದರಿಂದ, ತಪ್ಪಿಸಿಕೊಂಡವರು ಈ ದ್ವಾರದ ಬಳಿಯೇ ಕಾಯುವುದೆಂದು ಊರು ಬಿಡುವ ಮೊದಲೇ ಮಾತಾಡಿಕೊಂಡಿರಿ.

ನನ್ನ ಕೋಲನ್ನು ಗೆಳೆಯನಿಗೆ ಕೊಟ್ಟಿದ್ದೇನೆ. ಅವನು ನನಗಿಂತ ಗಿಡ್ಡ, ನಾಲ್ಕು ಬೆರಳಷ್ಟು ಕತ್ತರಿಸಬೇಕಾಯಿತು. ತುದಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಬಿಗಿದು, ಜಾರದಂತೆ ಎರಡು ಸಲ ಊರಿ ನೋಡಿ, ಹುಷಾರಾಗಿ ಹೋಗಿ ಬಾರಪ್ಪಾ ಎಂದು ಅವನ ಕೈಗಿಟ್ಟು ಬಂದೆ.