ಬಾಲ ಕತ್ತರಿಸಿದ ಪದ

ಇವತ್ತು ಮುಂದಿರೋದು ವೆರ್ದಿಯ ಇಟಾಲಿಯನ್ ಒಪೆರಾ 'ಇಲ್ ತ್ರೊವಾತೋರೆ' (1853), ಅದರಲ್ಲಿ ಕೌಂಟ್ ಹಾಡೋ ಸಾಲು:
'ಇಲ್ ಬಲೇನ್ ದೆಲ್ ಸುವೊ ಸೊರ್ರೀಸೊ ದೂನಾ ಸ್ತೆಲ್ಲಾ ವಿಂಚೆ ಇಲ್ ರಾಜ್ಜೊ.'

'ಬಲೇನ್' ಅಂತ ನಿಘಂಟಲ್ಲಿ ಹುಡುಕಿದ್ರೆ ಸಿಗೋದು ಕಷ್ಟ. ಛಂದಸ್ಸಿಗೆ ಹೊಂದಲಿ ಅಂತ ಕೊನೆಯ ಸ್ವರ ಹಾರಿಸಿದ್ದಾರೆ. 'ಒ' ಸೇರಿಸಿ ನೋಡಿ: 'ಬಲೇನೊ', ಮಿಂಚು.

'ವಿಂಚೆ' ಅಂದ್ರೆ ಗೆಲ್ಲುತ್ತೆ. ಯಾರು ಯಾರನ್ನ? ಪದಗಳ ಕ್ರಮ ನಂಬಿದ್ರೆ ನಕ್ಷತ್ರವೇ ಗೆದ್ದಂಗೆ ಕಾಣುತ್ತೆ. ಆದ್ರೆ 'ದೂನಾ ಸ್ತೆಲ್ಲಾ' ಅಂದ್ರೆ 'ನಕ್ಷತ್ರದ'. ಅದು ಸೇರಬೇಕಾದ್ದು ಕೊನೆಯ 'ರಾಜ್ಜೊ' ಜೊತೆ, ಅಂದ್ರೆ ಕಿರಣ. ಸೋತಿದ್ದು ನಕ್ಷತ್ರದ ಕಿರಣ.

ಇನ್ನು 'ಸುವೊ' ಅವನದೂ ಆಗಬಹುದು, ಅವಳದೂ ಆಗಬಹುದು. ಇಲ್ಲಿ ಕೌಂಟ್ ಪ್ರೀತಿಸೋ ಲಿಯೊನೋರಾಳ ನಗು, ಅದೇ 'ಸೊರ್ರೀಸೊ'.

ಹಾಡ್ತಿರುವಾಗ ಪರದೆ ಮೇಲೆ ತೋರಿಸೋ ಇಂಗ್ಲಿಷ್ ಅನುವಾದಕ್ಕೆ 'ಹರ್ ಸ್ಮೈಲ್ ಔಟ್‌ಶೈನ್ಸ್ ಎ ಸ್ಟಾರ್' ಸಾಕು. ಮಿಂಚು ಎಲ್ಲಿ ಹೋಯ್ತು ಅಂತೀರಾ? 'ಔಟ್‌ಶೈನ್ಸ್' ಒಳಗೇ ಇದೆ.