ಕೀಟೋನ್ ನೀರಿನ ಪದರದಲ್ಲೇ ಕೂತಿತ್ತು: ಈನಮೈನ್ ಆಲ್ಕೈಲೇಶನ್ ಮಾಡುವವರಿಗೆ

ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಬಲ್ಕ್ ಡ್ರಗ್ ಕಂಪನಿಯೊಂದರ ಡೆವಲಪ್‌ಮೆಂಟ್ ಲ್ಯಾಬಿನಲ್ಲಿ ನನ್ನ ಕೆಲಸ. ಕೀಟೋನ್‌ನ ಪಕ್ಕದ ಕಾರ್ಬನ್‌ಗೆ ಹೊಸ ಗುಂಪು ಜೋಡಿಸಬೇಕು ಎಂದಾಗ ಹೊಸದಾಗಿ ಸೇರಿದ ಹುಡುಗರು ಮೊದಲು ಹೇಳುವ ಹೆಸರು ಎಲ್‌ಡಿಎ. ಕಾಲೇಜಿನಲ್ಲಿ ಅದನ್ನೇ ಕಲಿತಿರುತ್ತಾರೆ. ಅದು ಒಳ್ಳೆಯ ವಿಧಾನವೇ. ಆದರೆ -78 ಡಿಗ್ರಿಗೆ ಇಳಿಸಬೇಕು, ಟಿಎಚ್‌ಎಫ್ ಪೂರ್ತಿ ಒಣಗಿರಬೇಕು, ಗಾಳಿ ತಾಗಿದರೆ ಬೆಂಕಿ ಹಿಡಿಯಬಲ್ಲ ಬ್ಯುಟೈಲ್ ಲಿಥಿಯಂ ಹತ್ತಿರ ಇಟ್ಟುಕೊಳ್ಳಬೇಕು. ಮೇ ತಿಂಗಳ ಬೀದರಿನಲ್ಲಿ ಡ್ರೈ ಐಸ್ ತರಿಸಿ ಉಳಿಸಿಕೊಳ್ಳುವುದೇ ಒಂದು ದೊಡ್ಡ ಕೆಲಸ. ಇದೆಲ್ಲ ಬೇಡ ಎಂದು ಸೋಡಿಯಂ ಎಥಾಕ್ಸೈಡ್ ಹಾಕಿದರೆ ಕೀಟೋನ್ ತನ್ನ ಜೊತೆಗೇ ಆಲ್ಡಾಲ್ ಆಗುತ್ತದೆ, ಇಲ್ಲವೇ ಎರಡೆರಡು ಗುಂಪು ಜೋಡಿಸಿಕೊಳ್ಳುತ್ತದೆ.

ಇದಕ್ಕೆ ಗಿಲ್ಬರ್ಟ್ ಸ್ಟೋರ್ಕ್ 1954ರಲ್ಲೇ ಬೇರೆ ದಾರಿ ತೋರಿಸಿದ್ದರು. ಬಲವಾದ ಬೇಸ್ ಬಿಟ್ಟುಬಿಡಿ, ಕೀಟೋನನ್ನು ಸೆಕೆಂಡರಿ ಅಮೈನ್ ಜೊತೆ ಸೇರಿಸಿ ಈನಮೈನ್ ಮಾಡಿ. ನೈಟ್ರೋಜನ್ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಒಳಗೆ ತಳ್ಳುವುದರಿಂದ ನಮಗೆ ಬೇಕಾದ ಕಾರ್ಬನ್ ತಾನೇ ದಾಳಿ ಮಾಡುವಷ್ಟು ಚುರುಕಾಗುತ್ತದೆ. ಲಿಥಿಯಂ ಈನೊಲೇಟ್‌ನಷ್ಟು ಚುರುಕಲ್ಲ. ಅದೇ ಅದರ ಗುಣ, ಅದೇ ಅದರ ಮಿತಿ.

ಸೈಕ್ಲೋಹೆಕ್ಸನೋನ್‌ನಿಂದ 2-ಅಲೈಲ್‌ಸೈಕ್ಲೋಹೆಕ್ಸನೋನ್ ಮಾಡಿದ ಬ್ಯಾಚ್ ಹೇಳುತ್ತೇನೆ. 49 ಗ್ರಾಂ ಸೈಕ್ಲೋಹೆಕ್ಸನೋನ್, ಅಂದರೆ ಅರ್ಧ ಮೋಲ್. ಪಿರೊಲಿಡಿನ್ 43 ಗ್ರಾಂ, ಸ್ವಲ್ಪ ಜಾಸ್ತಿಯೇ. ಟಾಲ್ಯೂಯಿನ್ 250 ಮಿಲಿ, ಅರ್ಧ ಗ್ರಾಂ ಪಿಟಿಎಸ್‌ಎ. ಡೀನ್-ಸ್ಟಾರ್ಕ್ ಕೂರಿಸಿ ಕುದಿಸಬೇಕು. ಲೆಕ್ಕದ ಪ್ರಕಾರ 9 ಮಿಲಿ ನೀರು ಬರಬೇಕು. ಬರುವುದು ಅದಕ್ಕಿಂತ ಜಾಸ್ತಿ. ಏಕೆಂದರೆ ಪಿರೊಲಿಡಿನ್ 87 ಡಿಗ್ರಿಗೇ ಕುದಿಯುತ್ತದೆ, ನೀರಿನಲ್ಲಿ ಕರಗುತ್ತದೆ, ಹಾಗಾಗಿ ಒಂದಷ್ಟು ಟ್ರ್ಯಾಪಿನ ನೀರಿಗೆ ಬಂದು ಸೇರುತ್ತದೆ. "9 ಮಿಲಿ ಬಂತು, ಮುಗೀತು" ಎಂದು ನಿಲ್ಲಿಸಿದರೆ ಅರ್ಧದಲ್ಲೇ ನಿಲ್ಲಿಸಿದಂತೆ. ಹೊಸ ನೀರು ಬರುವುದು ನಿಂತಿತೇ ಎಂದು ನೋಡಬೇಕು.

ಟಿಎಲ್‌ಸಿ ಇಲ್ಲಿ ಮೋಸ ಮಾಡುತ್ತದೆ. ಈನಮೈನ್ ಸಿಲಿಕಾ ಮೇಲೆ ಬಿದ್ದ ಕೂಡಲೇ ಒಡೆಯಲು ಶುರುವಾಗುತ್ತದೆ. ಪ್ಲೇಟಿನಲ್ಲಿ ಕೀಟೋನ್ ಕಂಡರೆ ಫ್ಲಾಸ್ಕಿನಲ್ಲೂ ಇದೆ ಎಂದು ಅರ್ಥವಲ್ಲ. ಐಆರ್‌ನಲ್ಲಿ 1715ರ ಹತ್ತಿರದ ಕಾರ್ಬೊನಿಲ್ ಹೋಗಿ 1640ರ ಆಸುಪಾಸಿನಲ್ಲಿ ಹೊಸದು ಎದ್ದರೆ ನಂಬಬಹುದು. ಪ್ರೋಟಾನ್ ಎನ್‌ಎಂಆರ್ ಸಿಕ್ಕರೆ 4.3 ಪಿಪಿಎಂ ಹತ್ತಿರ ಒಂದು ವಿನೈಲ್ ಹೈಡ್ರೋಜನ್ ಕಾಣಬೇಕು.

ಆಮೇಲೆ ಉಳಿದ ಪಿರೊಲಿಡಿನನ್ನು ಟಾಲ್ಯೂಯಿನ್ ಜೊತೆ ಡಿಸ್ಟಿಲ್ ಮಾಡಿ ತೆಗೆಯಲೇಬೇಕು. ಬಿಟ್ಟರೆ ಅಲೈಲ್ ಬ್ರೋಮೈಡನ್ನು ಮೊದಲು ಅದೇ ತಿಂದುಬಿಡುತ್ತದೆ. ಉಳಿದ ಈನಮೈನನ್ನು 200 ಮಿಲಿ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ, 66 ಗ್ರಾಂ ಅಲೈಲ್ ಬ್ರೋಮೈಡ್ ಹನಿಹನಿಯಾಗಿ ಹಾಕಿ, ಮುಗಿದ ಮೇಲೆ ಕುದಿಸಬೇಕು. ಇದನ್ನು ಫ್ಯೂಮ್ ಹುಡ್‌ನಲ್ಲೇ ಮಾಡಿ, ಕಣ್ಣಲ್ಲಿ ನೀರು ತರಿಸುವ ಸಾಮಾನು ಇದು. ಒಂದಷ್ಟು ಅಲೈಲ್ ನೈಟ್ರೋಜನ್ ಮೇಲೂ ಹೋಗಿ ಕೂರುತ್ತದೆ. ಅಲೈಲ್‌ಗೆ ಮಾತ್ರ ಒಂದು ಅದೃಷ್ಟವಿದೆ: ಬಿಸಿ ಮಾಡಿದರೆ ಅಂಥದ್ದು ಒಳಗೊಳಗೇ ಜರುಗಿ ಕಾರ್ಬನ್ ಮೇಲೆ ಬರಬಲ್ಲದು.

ಈಗ ಫ್ಲಾಸ್ಕಿನಲ್ಲಿರುವುದು ಕೀಟೋನ್ ಅಲ್ಲ, ಇಮಿನಿಯಂ ಬ್ರೋಮೈಡ್. ಅದೊಂದು ಲವಣ. ಇದನ್ನು ಮರೆತರೆ ಏನಾಗುತ್ತದೆ ಎಂದು ನಮ್ಮ ಲ್ಯಾಬಿನಲ್ಲೇ ಕಂಡಿತು. ಒಬ್ಬ ಹುಡುಗ ಅಸಿಟೋನೈಟ್ರೈಲ್ ತೆಗೆದು, ತಣ್ಣೀರು ಮತ್ತು ಟಾಲ್ಯೂಯಿನ್ ಹಾಕಿ, ಸೆಪರೇಟಿಂಗ್ ಫನೆಲ್‌ನಲ್ಲಿ ಕುಲುಕಿ, ಪದರ ಬೇರೆ ಮಾಡಿದ್ದ. ಟಾಲ್ಯೂಯಿನ್ ಪದರದಲ್ಲಿ ಹೆಚ್ಚೇನೂ ಇರಲಿಲ್ಲ.

"ಸರ, ನೀರು ಹಾಕೀನ್ರಿ. ಮಾಲ್ ಎಲ್ಲಿ ಹೋಯ್ತ್ರಿ?"

"ನೀರಿನ ಪದರ ಚೆಲ್ಲಿಲ್ಲ ಅಲ್ಲಪ್ಪಾ?"

ಚೆಲ್ಲಿರಲಿಲ್ಲ. ಎಫ್ಲುಯೆಂಟ್ ಡ್ರಮ್ಮಿನ ಪಕ್ಕದಲ್ಲಿತ್ತು, ಕಂದು ಬಣ್ಣದ್ದು. ಇಮಿನಿಯಂ ಲವಣ ನೀರಿನಲ್ಲಿ ಕರಗಿ ಕೂತಿತ್ತು. ನೀರು ಮುಟ್ಟಿದ ಮಾತ್ರಕ್ಕೆ ಹೈಡ್ರಾಲಿಸಿಸ್ ಮುಗಿಯುವುದಿಲ್ಲ. ಅದಕ್ಕೆ ಸಮಯ, ಬಿಸಿ, ಸರಿಯಾದ ಪಿಎಚ್ ಮೂರೂ ಬೇಕು.

ನಡೆಯುವುದು ಹೀಗೆ. ಕಾರ್ಬನ್ ಮತ್ತು ಪಾಸಿಟಿವ್ ನೈಟ್ರೋಜನ್ ನಡುವೆ ಡಬಲ್ ಬಾಂಡ್ ಇದೆ. ನೀರಿನ ಆಕ್ಸಿಜನ್ ಆ ಕಾರ್ಬನ್ ಮೇಲೆ ಬಂದು ಕೂರುತ್ತದೆ, ಒಂದು ಪ್ರೋಟಾನ್ ಕಳೆದುಕೊಳ್ಳುತ್ತದೆ. ಈಗ ಒಂದೇ ಕಾರ್ಬನ್ ಮೇಲೆ ಒಎಚ್ ಇದೆ, ಪಿರೊಲಿಡಿನ್ನೂ ಇದೆ. ಇದು ಕಾರ್ಬಿನೋಲಮೈನ್. ಮುಂದೆ ನೈಟ್ರೋಜನ್ ಪ್ರೋಟಾನ್ ಹಿಡಿಯಬೇಕು, ಆಗಲೇ ಅದು ಹೊರಡಲು ಸಿದ್ಧ. ಆಕ್ಸಿಜನ್ ತನ್ನ ಪ್ರೋಟಾನ್ ಬಿಟ್ಟು ಎಲೆಕ್ಟ್ರಾನ್ ಕೆಳಗೆ ತಳ್ಳಬೇಕು. ಪಿರೊಲಿಡಿನ್ ಕಳಚಿಕೊಂಡು ಕಾರ್ಬೊನಿಲ್ ಉಳಿಯುತ್ತದೆ. ಆಕ್ಸಿಜನ್ ಬಂದದ್ದು ನೀರಿನಿಂದ. ಮೊದಲಿನ ಕೀಟೋನಿನ ಆಕ್ಸಿಜನ್ ಡೀನ್-ಸ್ಟಾರ್ಕ್ ಟ್ರ್ಯಾಪಿನಲ್ಲಿ ಆಗಲೇ ಹೋಗಿರುತ್ತದೆ.

ಪಿಎಚ್ ಯಾಕೆ ಮುಖ್ಯ ಎಂಬುದು ಇದರಲ್ಲೇ ಇದೆ. ಕೊನೆಯ ಹಂತಕ್ಕೆ ನೈಟ್ರೋಜನ್ ಮೇಲೆ ಪ್ರೋಟಾನ್ ಇರಬೇಕು, ಆಕ್ಸಿಜನ್ ಮೇಲೆ ಇರಬಾರದು. ಆಸಿಡ್ ತೀರಾ ಜಾಸ್ತಿಯಾದರೆ ಆಕ್ಸಿಜನ್ ತನ್ನ ಪ್ರೋಟಾನ್ ಬಿಡಲು ಒದ್ದಾಡುತ್ತದೆ, ಒಡೆಯುವುದು ನಿಧಾನವಾಗುತ್ತದೆ. ಬೇಸ್ ಜಾಸ್ತಿಯಾದರೆ ನೈಟ್ರೋಜನ್ ಸುಮ್ನೆ ಕೂರುತ್ತದೆ, ಇಮಿನಿಯಂನ ಒಂದಷ್ಟು ಪಾಲು ಪಕ್ಕದ ಹೈಡ್ರೋಜನ್ ಕಳೆದುಕೊಂಡು ಮತ್ತೆ ಈನಮೈನ್ ಆಗುತ್ತದೆ. ಬಿಡಿ ಪಿರೊಲಿಡಿನ್ ಕೀಟೋನಿನ ಆಲ್ಡಾಲ್‌ಗೂ ಕೈ ಹಾಕುತ್ತದೆ. ಶುದ್ಧ ಲವಣವಾದರೆ ಬರೀ ನೀರೇ ಸಾಕು, ಪಿರೊಲಿಡಿನ್ ಹೈಡ್ರೋಬ್ರೋಮೈಡ್ ಆಗಿಯೇ ಹೊರಬರುತ್ತದೆ. ಆದರೆ ಬ್ಯಾಚಿನಲ್ಲಿ ಉಳಿದ ಅಮೈನ್, ಉಳಿದ ಈನಮೈನ್ ಎಲ್ಲ ಸೇರಿ ಪಿಎಚ್ ಮೇಲೆ ಎಳೆಯುತ್ತವೆ. ನಮ್ಮ ಆ ಕಂದು ನೀರಿನಲ್ಲಿ ಪಿಎಚ್ ಪೇಪರ್ 9ರ ಮೇಲೆಯೇ ತೋರಿಸಿತು.

ಅಸಿಟಿಕ್ ಆಸಿಡ್ ಮತ್ತು ಸೋಡಿಯಂ ಅಸಿಟೇಟ್ ಹಾಕಿ ಪಿಎಚ್ 5ರ ಹತ್ತಿರ ತಂದು, 60 ಡಿಗ್ರಿಯಲ್ಲಿ ಕಲಕುತ್ತಾ ಬಿಟ್ಟೆವು. ಸುಮಾರು ಒಂದು ಗಂಟೆಗೆ ಮೇಲೆ ಎಣ್ಣೆ ತೇಲಿತು. ಟಾಲ್ಯೂಯಿನ್‌ನಲ್ಲಿ ಎಳೆದು, ಅಮೈನ್ ಹೋಗಲು ತೆಳು ಎಚ್‌ಸಿಎಲ್‌ನಿಂದ, ಅಸಿಟಿಕ್ ಆಸಿಡ್ ಹೋಗಲು ಬೈಕಾರ್ಬೊನೇಟ್‌ನಿಂದ ತೊಳೆದು, ವ್ಯಾಕ್ಯೂಮ್‌ನಲ್ಲಿ ಡಿಸ್ಟಿಲ್ ಮಾಡಿದಾಗ 45 ಗ್ರಾಂ ಸಿಕ್ಕಿತು. ಲೆಕ್ಕಕ್ಕೆ 69 ಗ್ರಾಂ ಇತ್ತು. ಸೋರಿದ್ದು ಎಲ್ಲಿ ಎಂಬುದನ್ನು ಜಿಸಿ ಹೇಳುತ್ತದೆ. ಹೈಡ್ರಾಲಿಸಿಸ್ ಆದ ಮೇಲೆ ಸೈಕ್ಲೋಹೆಕ್ಸನೋನ್ ಪೀಕ್ ದೊಡ್ಡದಿದ್ದರೆ ತೊಂದರೆ ಹೈಡ್ರಾಲಿಸಿಸ್‌ನಲ್ಲಿ ಅಲ್ಲ, ಆಲ್ಕೈಲೇಶನ್ ಪೂರ್ತಿ ಆಗಿಲ್ಲ. ಡೈಅಲೈಲ್ ಪೀಕ್ ಮಾತ್ರ ಚಿಕ್ಕದು. ಒಂದು ಗುಂಪು ಬಂದ ಮೇಲೆ ಎರಡನೆಯದಕ್ಕೆ ಬೇಕಾದ ಈನಮೈನ್ ಸುಲಭಕ್ಕೆ ಆಗುವುದಿಲ್ಲ. ಹೊಸ ಗುಂಪಿನ ಕಡೆಗೇ ಡಬಲ್ ಬಾಂಡ್ ಬಂದರೆ ಅದು ಪಿರೊಲಿಡಿನ್ ಉಂಗುರಕ್ಕೆ ಒತ್ತುತ್ತದೆ.

ಎಲ್ಲ ಹ್ಯಾಲೈಡ್‌ಗೂ ಇದು ನಡೆಯುತ್ತದೆ ಎಂದು ಹೊರಡಬೇಡಿ. ಅಲೈಲ್, ಬೆಂಜೈಲ್, ಬ್ರೋಮೋಅಸಿಟೇಟ್ ಎಸ್ಟರ್ ಸರಿ. ಈಥೈಲ್ ಅಕ್ರಿಲೇಟ್, ಅಕ್ರಿಲೋನೈಟ್ರೈಲ್ ಇನ್ನೂ ಸಲೀಸು. ಅವುಗಳಲ್ಲಿ ಕೊನೆಗೆ ಉಳಿಯುವುದು ಸಾಮಾನ್ಯವಾಗಿ ಲವಣವಲ್ಲ, ಹೊಸ ಈನಮೈನ್. ಹಾಗಾಗಿ ಅಲ್ಲಿ ಆಸಿಡ್ ಹಾಕುವುದು ಒಳ್ಳೆಯದು. ಮೊದಲು ಕಾರ್ಬನ್‌ಗೆ ಪ್ರೋಟಾನ್ ಕೊಟ್ಟು ಇಮಿನಿಯಂ ಮಾಡಬೇಕು, ಆಮೇಲೆ ನೀರಿನ ಸರದಿ. ಬ್ಯುಟೈಲ್ ಬ್ರೋಮೈಡ್‌ನಂಥ ಸಾದಾ ಹ್ಯಾಲೈಡ್‌ಗಳಲ್ಲಿ ನೈಟ್ರೋಜನ್ನೇ ಹೆಚ್ಚು ಪಾಲು ಕಸಿಯುತ್ತದೆ, ಆ ಕೆಲಸಕ್ಕೆ ನಾನು ಎಲ್‌ಡಿಎ ಕಡೆಗೇ ಹೋಗುತ್ತೇನೆ, ಡ್ರೈ ಐಸ್ ತರಿಸಬೇಕಾದರೂ.